ಹೈಲೈಟ್ ಅಳಿಸಿದರೂ ಫೋಟೋ ಎಲ್ಲಿ ಉಳಿಯುತ್ತದೆ?

ಇನ್‌ಸ್ಟಾಗ್ರಾಂನಲ್ಲಿ ಒಂದು ಫೋಟೋ ತೆಗೆಯುವುದಕ್ಕೆ ಕಡಿಮೆ ಅಂದರೂ ನಾಲ್ಕು ದಾರಿ ಇವೆ. ಹೈಲೈಟ್‌ನಿಂದ ತೆಗೆಯಬಹುದು, ಹೈಲೈಟನ್ನೇ ಅಳಿಸಬಹುದು, ಪೋಸ್ಟನ್ನು ಆರ್ಕೈವ್‌ಗೆ ಸರಿಸಬಹುದು, ಇಲ್ಲವೇ ನಿಜವಾಗಿಯೂ ಡಿಲೀಟ್ ಮಾಡಬಹುದು. ಹೊರಗಿನಿಂದ ನೋಡುವವರಿಗೆ ನಾಲ್ಕೂ ಒಂದೇ. ಪ್ರೊಫೈಲ್‌ನಲ್ಲಿ ಫೋಟೋ ಇಲ್ಲ, ಅಷ್ಟೇ. ಖಾತೆಯ ಒಳಗೆ ಮಾತ್ರ ನಾಲ್ಕಕ್ಕೂ ತುಂಬಾ ವ್ಯತ್ಯಾಸ ಇದೆ.

ತುಮಕೂರಿನ ಬಿ.ಎಚ್. ರಸ್ತೆಯ ಹತ್ತಿರ ಮನೆಯಲ್ಲೇ ಬ್ಲೌಸ್ ಹೊಲಿಯುವ, ಆರಿ ವರ್ಕ್ ಮಾಡುವ ಒಬ್ಬ ಅಕ್ಕನ ವಿಷಯ ಇದಕ್ಕೆ ಒಳ್ಳೇ ಉದಾಹರಣೆ. ಗಿರಾಕಿಗಳೆಲ್ಲ ಬರುವುದು ಇನ್‌ಸ್ಟಾಗ್ರಾಂ ನೋಡಿಕೊಂಡೇ. ಗುಬ್ಬಿ ಕಡೆಯ ಒಬ್ಬ ಮದುಮಗಳಿಗೆ ಬ್ಲೌಸ್ ಮಾಡಿಕೊಟ್ಟರು. ಅವಳು ಉಟ್ಟು ತೆಗೆಸಿಕೊಂಡ ಫೋಟೋ ಕಳಿಸಿದಳು. ಅಕ್ಕ ಅದನ್ನು ಸ್ಟೋರಿಗೆ ಹಾಕಿದರು, ‘ಬ್ರೈಡಲ್’ ಅನ್ನೋ ಹೈಲೈಟ್‌ಗೂ ಸೇರಿಸಿದರು. ಇನ್ನೂ ನಾಲ್ಕು ಫೋಟೋ ಜೊತೆ ಒಂದು ಪೋಸ್ಟ್ ಕೂಡ ಮಾಡಿದರು. ಒಂದು ತಿಂಗಳಾದ ಮೇಲೆ ಹುಡುಗಿ ಫೋನ್ ಮಾಡಿದಳು.

“ಅಕ್ಕಾ, ನನ್ನ ಫೋಟೋ ತೆಗೆದುಬಿಡ್ತೀರಾ? ಅತ್ತೆ ಮನೇಲಿ ಯಾರಿಗೋ ಸರಿ ಕಾಣ್ತಿಲ್ವಂತೆ.”

“ಅಯ್ಯೋ, ಅದಕ್ಕೇನಮ್ಮಾ, ಈಗ್ಲೇ ತೆಗೀತೀನಿ ಬಿಡು.”

ಅಕ್ಕ ‘ಬ್ರೈಡಲ್’ ಹೈಲೈಟನ್ನೇ ಅಳಿಸಿದರು. ಪೋಸ್ಟನ್ನು ಆರ್ಕೈವ್ ಮಾಡಿದರು. ಕೆಲಸ ಮುಗೀತು ಅಂದುಕೊಂಡರು. ಮುಂದಿನ ಮದುವೆ ಸೀಸನ್‌ಗೆ ಹೊಸ ಹೈಲೈಟ್ ಮಾಡಲು ಕೂತಾಗ, ಹಳೇ ಸ್ಟೋರಿಗಳ ಸಾಲಿನಲ್ಲಿ ಅದೇ ಫೋಟೋ ಕಂಡಿತು. ಅವರು ಗಮನಿಸದೆ ಟಿಕ್ ಮಾಡಿದ್ದರೆ ಅದು ಮತ್ತೆ ಎಲ್ಲರ ಕಣ್ಣಿಗೆ ಬೀಳುತ್ತಿತ್ತು. ಹಾಗಾದರೆ ಅವರು ಅಳಿಸಿದ್ದು ಏನನ್ನು?

ಸ್ಟೋರಿ ಹಾಕಿದಾಗ ಅದು 24 ಗಂಟೆ ಎಲ್ಲರಿಗೂ ಕಾಣುತ್ತದೆ. ಆಮೇಲೆ ಮಾಯ ಆಗುತ್ತದೆ ಅನ್ನುವುದು ನೋಡುವವರ ಮಟ್ಟಿಗೆ ಮಾತ್ರ ನಿಜ. 2017ರ ಡಿಸೆಂಬರ್‌ನಲ್ಲಿ ಹೈಲೈಟ್ ಬಂದಾಗ ಅದರ ಜೊತೆಗೇ ಸ್ಟೋರಿ ಆರ್ಕೈವ್ ಕೂಡ ಬಂತು. ಆವಾಗಿನಿಂದ ಹಾಕಿದ ಸ್ಟೋರಿಗಳೆಲ್ಲ, ನೀವೇ ಬೇಡ ಅನ್ನದಿದ್ದರೆ, ತಾವಾಗಿಯೇ ಆರ್ಕೈವ್‌ಗೆ ಹೋಗಿ ಕೂರುತ್ತವೆ. ಅದು ನಿಮಗೆ ಮಾತ್ರ ಕಾಣುವ ಜಾಗ. ಹೈಲೈಟ್ ಅನ್ನುವುದು ಅಲ್ಲಿಂದ ಆರಿಸಿ ಹೊರಗೆ ತೋರಿಸುವ ಒಂದು ಪಟ್ಟಿ. ಅಕ್ಕನ ಅಂಗಡಿ ಭಾಷೆಯಲ್ಲೇ ಹೇಳುವುದಾದರೆ, ಬೀರುವಿನಲ್ಲಿರುವ ಸೀರೆಯನ್ನು ಬೊಂಬೆಗೆ ಉಡಿಸಿ ನಿಲ್ಲಿಸಿದ ಹಾಗೆ. ಬೊಂಬೆಯನ್ನು ಒಳಗೆ ಎತ್ತಿಟ್ಟರೆ ಸೀರೆ ಬೀರುವಿಗೆ ವಾಪಸ್ ಹೋಗುತ್ತದೆ ಹೊರತು ಮನೆ ಬಿಟ್ಟು ಹೋಗುವುದಿಲ್ಲ.

ಆದ್ದರಿಂದ ಪ್ರೊಫೈಲ್‌ನಲ್ಲಿ ಹೈಲೈಟ್‌ನ ಗುಂಡು ಚಿತ್ರವನ್ನು ಒತ್ತಿ ಹಿಡಿದು Delete highlight ಅಂದರೆ ಹೋಗುವುದು ಪಟ್ಟಿ ಮಾತ್ರ. ಅದರ ಹೆಸರು, ಮೇಲಿನ ಕವರ್ ಚಿತ್ರ, ಯಾವ ಸ್ಟೋರಿಗಳು ಅದರಲ್ಲಿದ್ದವು ಅನ್ನುವ ಲೆಕ್ಕ, ಇಷ್ಟು ಹೋಗುತ್ತವೆ. ಒಳಗಿದ್ದ ಸ್ಟೋರಿಗಳೆಲ್ಲ ಆರ್ಕೈವ್‌ನಲ್ಲಿ ಹಾಗೇ ಇರುತ್ತವೆ.

ಇಲ್ಲಿ ಇನ್ನೊಂದು ತಮಾಷೆ ಇದೆ. ಅಳಿಸಿದ್ದನ್ನು ಇನ್‌ಸ್ಟಾಗ್ರಾಂ ಸ್ವಲ್ಪ ದಿನ ಇಟ್ಟುಕೊಳ್ಳುವ Recently deleted ಅನ್ನುವ ಫೋಲ್ಡರ್ ಇದೆ, ಹೀಗೆ ಅಳಿಸಿದ ಹೈಲೈಟ್ ಅಲ್ಲಿಗೆ ಬರುವುದಿಲ್ಲ. ಅಕ್ಕ ಒಂದು ಫೋಟೋಗೋಸ್ಕರ ಇಡೀ ‘ಬ್ರೈಡಲ್’ ಹೈಲೈಟ್ ಕಳೆದುಕೊಂಡರು. ಎರಡು ವರ್ಷ ಕೂಡಿಸಿದ ಜೋಡಣೆ ಅದು. ವಾಪಸ್ ತರುವ ಬಟನ್ ಎಲ್ಲೂ ಇಲ್ಲ. ಆರ್ಕೈವ್‌ನಿಂದ ಒಂದೊಂದಾಗಿ ಹೆಕ್ಕಿ ಮತ್ತೆ ಕಟ್ಟಬೇಕಾಯಿತು. ಉಳಿಸಿಕೊಳ್ಳಬೇಕಾದದ್ದು ಹೋಯಿತು, ಹೋಗಬೇಕಾದ ಫೋಟೋ ಉಳಿಯಿತು!

ಒಂದೇ ಒಂದು ಫೋಟೋ ಹೈಲೈಟ್‌ನಿಂದ ಹೋಗಬೇಕು ಅಂದರೆ ಹೈಲೈಟ್ ತೆರೆದು, ಆ ಫೋಟೋ ಬಂದಾಗ ಕೆಳಗಿನ ಮೂರು ಚುಕ್ಕಿ ಒತ್ತಿ, Remove from highlight ಅನ್ನಬೇಕು. ಉಳಿದವು ಹಾಗೇ ಇರುತ್ತವೆ. ಹೈಲೈಟ್‌ನಲ್ಲಿ ಇರುವುದೇ ಒಂದು ಸ್ಟೋರಿ ಆದರೆ, ಅದನ್ನು ತೆಗೆದಾಗ ಹೈಲೈಟೂ ಪ್ರೊಫೈಲ್‌ನಿಂದ ಹೋಗುತ್ತದೆ. ಆದರೆ ಇದು ಕೂಡ ಪಟ್ಟಿಯಿಂದ ಹೆಸರು ಹೊಡೆದು ಹಾಕಿದ ಕೆಲಸವೇ. ಸ್ಟೋರಿ ಆರ್ಕೈವ್‌ನಲ್ಲಿ ಇದ್ದೇ ಇರುತ್ತದೆ.

ಗುಬ್ಬಿ ಹುಡುಗಿ ಕೇಳಿದ್ದು ಆಗಬೇಕಾದರೆ ಆರ್ಕೈವ್‌ಗೇ ಹೋಗಬೇಕು. ಪ್ರೊಫೈಲ್ ತೆರೆದು, ಮೇಲೆ ಬಲಗಡೆಯ ಮೂರು ಗೆರೆ ಒತ್ತಿ, Archive ಅನ್ನುವುದಕ್ಕೆ ಹೋಗಿ. ಅಲ್ಲಿ ಮೇಲ್ಗಡೆ ಹೆಸರು ಒತ್ತಿದರೆ ಸ್ಟೋರಿ ಆರ್ಕೈವ್, ಪೋಸ್ಟ್ ಆರ್ಕೈವ್, ಲೈವ್ ಆರ್ಕೈವ್ ಅಂತ ಬದಲಾಯಿಸಿಕೊಳ್ಳಬಹುದು. ಸ್ಟೋರಿ ಆರ್ಕೈವ್‌ನಲ್ಲಿ ಎಲ್ಲವೂ ದಿನಾಂಕದ ಪ್ರಕಾರ ಇರುತ್ತವೆ. ದಿನಕ್ಕೆ ನಾಲ್ಕೈದು ಸ್ಟೋರಿ ಹಾಕುವ ಅಕ್ಕನಂಥವರಿಗೆ ಅದರಲ್ಲಿ ಒಂದನ್ನು ಹುಡುಕುವುದು ಅಂದರೆ ಬೆರಳು ನೋವು. ಅದಕ್ಕೇ ಅಲ್ಲಿ ಕ್ಯಾಲೆಂಡರ್ ನೋಟವೂ ಇದೆ. ಮದುವೆ ಯಾವ ತಿಂಗಳು ಅಂತ ನೆನಪಿದ್ದರೆ ನೇರ ಆ ತಿಂಗಳಿಗೆ ಹೋಗಬಹುದು. ಫೋಟೋ ಸಿಕ್ಕಮೇಲೆ ತೆರೆದು, ಮೂರು ಚುಕ್ಕಿ ಒತ್ತಿ, Delete ಅನ್ನಿ. ಈಗ ಅದು ಆರ್ಕೈವ್‌ನಿಂದಲೂ ಹೋಗುತ್ತದೆ, ಯಾವ ಹೈಲೈಟ್‌ನಲ್ಲಿ ಇದ್ದರೂ ಅಲ್ಲಿಂದಲೂ ಹೋಗುತ್ತದೆ. ಹೈಲೈಟ್‌ನಿಂದ ತೆಗೆದರೆ ಆರ್ಕೈವ್‌ಗೆ ಏನೂ ಆಗುವುದಿಲ್ಲ, ಆರ್ಕೈವ್‌ನಿಂದ ತೆಗೆದರೆ ಹೈಲೈಟ್‌ನಲ್ಲೂ ಇರುವುದಿಲ್ಲ. ಈ ಲೆಕ್ಕ ತಿರುಗುಮುರುಗು ಆಗುವುದೇ ಬಹಳ ಜನರಿಗೆ ಗೊಂದಲ.

ಇದರ ಉಲ್ಟಾ ತೊಂದರೆಯೂ ಆಗುತ್ತದೆ. ಜಾಗ ಖಾಲಿ ಮಾಡೋಣ ಅಂತ ಕೆಲವರು ಹಳೇ ಆರ್ಕೈವ್ ಕೂತು ಅಳಿಸುತ್ತಾರೆ. ಆಮೇಲೆ ನೋಡಿದರೆ ಹೈಲೈಟ್‌ಗಳು ಅರ್ಧ ಖಾಲಿ. ಆರ್ಕೈವ್ ಇರುವುದು ಇನ್‌ಸ್ಟಾಗ್ರಾಂನ ಸರ್ವರ್‌ನಲ್ಲಿ. ಅದನ್ನು ಅಳಿಸಿದರೆ ನಿಮ್ಮ ಫೋನ್‌ನಲ್ಲಿ ಜಾಗವೇನೂ ಜಾಸ್ತಿ ಆಗುವುದಿಲ್ಲ. ಸುಮ್ನೆ ಕೆಲಸ.

ಇನ್ನು ಪೋಸ್ಟ್ ವಿಷಯ. ಅಕ್ಕ ಮಾಡಿದ್ದು ಆರ್ಕೈವ್. ಪೋಸ್ಟನ್ನು ಆರ್ಕೈವ್ ಮಾಡಿದರೆ ಅದು ಪ್ರೊಫೈಲ್‌ನಿಂದ ಮರೆಯಾಗುತ್ತದೆ, ನಿಮ್ಮನ್ನು ಬಿಟ್ಟು ಯಾರಿಗೂ ಕಾಣುವುದಿಲ್ಲ. ಆದರೆ ಲೈಕು, ಕಾಮೆಂಟು ಎಲ್ಲ ಅದರ ಜೊತೆಗೇ ಇರುತ್ತವೆ. ಇದಕ್ಕೆ 30 ದಿನದ ಗಡುವು ಏನೂ ಇಲ್ಲ. ವರ್ಷಗಟ್ಟಲೆ ಹಾಗೇ ಇರುತ್ತದೆ. ಯಾವಾಗ ಬೇಕಾದರೂ Show on profile ಅಂದರೆ ಹಳೇ ಜಾಗದಲ್ಲೇ, ಹಳೇ ದಿನಾಂಕಕ್ಕೇ ಬಂದು ಕೂರುತ್ತದೆ. ವ್ಯಾಪಾರ ಮಾಡುವವರಿಗೆ ಇದು ತುಂಬಾ ಅನುಕೂಲ. ಸ್ಟಾಕ್ ಮುಗಿದ ಸೀರೆಯ ಪೋಸ್ಟ್ ಮುಚ್ಚಿಟ್ಟು, ಸ್ಟಾಕ್ ಬಂದಾಗ ಮತ್ತೆ ತೆರೆಯಬಹುದು. ನನ್ನನ್ನು ಕೇಳಿದರೆ ನೂರಕ್ಕೆ ತೊಂಬತ್ತು ಸಲ ಆರ್ಕೈವೇ ಸರಿ. ಆದರೆ ಬೇರೆಯವರು “ನನ್ನ ಫೋಟೋ ತೆಗೀರಿ” ಅಂದಾಗ ಅದು ಸಾಲುವುದಿಲ್ಲ. ನಾಳೆ ಆ ಖಾತೆ ಇನ್ಯಾರದೋ ಕೈಗೆ ಹೋದರೆ, ಅಥವಾ ಅಂಗಡಿಯಲ್ಲಿ ಸಹಾಯಕ್ಕಿರುವ ಹುಡುಗಿ ಅದನ್ನು ತೆರೆದರೆ, ಒಂದೇ ಒತ್ತಿಗೆ ಫೋಟೋ ವಾಪಸ್ ಬರುತ್ತದೆ.

ಆ ಪೋಸ್ಟ್‌ನಲ್ಲಿ ಐದು ಫೋಟೋ ಇದ್ದವು. ಹುಡುಗಿಯದು ಒಂದೇ. ಮಿಕ್ಕ ನಾಲ್ಕು ಬರೀ ಬ್ಲೌಸಿನ ಚಿತ್ರಗಳು, ಅದಕ್ಕೆ ಗಿರಾಕಿಗಳ ಕಾಮೆಂಟ್‌ಗಳೂ ಇದ್ದವು. ಇಂಥ ಕಡೆ ಇಡೀ ಪೋಸ್ಟ್ ಅಳಿಸಬೇಕಾಗಿಲ್ಲ. 2021ರ ಕೊನೆಯಿಂದ ಒಂದೇ ಫೋಟೋ ತೆಗೆಯುವ ಸೌಲಭ್ಯ ಇದೆ. ಆರ್ಕೈವ್ ಮಾಡಿದ್ದ ಪೋಸ್ಟನ್ನು ಮೊದಲು ಪ್ರೊಫೈಲ್‌ಗೆ ತರಬೇಕು. ಆಮೇಲೆ ಮೂರು ಚುಕ್ಕಿ ಒತ್ತಿ Edit ಅಂದು, ಆ ಫೋಟೋವರೆಗೂ ಸರಿಸಿ, ಮೂಲೆಯ ಕಸದ ಡಬ್ಬಿ ಚಿತ್ರ ಒತ್ತಬೇಕು. ಪೋಸ್ಟ್ ಉಳಿಯುತ್ತದೆ, ಕಾಮೆಂಟ್ ಉಳಿಯುತ್ತವೆ, ಆ ಫೋಟೋ ಮಾತ್ರ ಹೋಗುತ್ತದೆ. ಎರಡೇ ಫೋಟೋ ಇರುವ ಪೋಸ್ಟ್‌ನಲ್ಲಿ ಇದು ನಡೆಯುವುದಿಲ್ಲ. ಅಕ್ಕನಿಗೆ ಒಂದೇ ಅಂಜಿಕೆ ಇದ್ದದ್ದು, ಪೋಸ್ಟ್ ಹೊರಗೆ ತಂದ ಆ ಒಂದು ನಿಮಿಷದಲ್ಲಿ ಯಾರಾದರೂ ನೋಡಿಬಿಟ್ಟರೆ ಅಂತ. ಹಾಗಿದ್ದರೆ ರಾತ್ರಿ ಹನ್ನೊಂದರ ಮೇಲೆ ಮಾಡಿ, ಅಷ್ಟೇ.

ಹೀಗೆ ಅಳಿಸಿದ ಸ್ಟೋರಿ, ಪೋಸ್ಟ್, ರೀಲ್, ಪೋಸ್ಟ್‌ನ ಒಂದು ಫೋಟೋ, ಎಲ್ಲವೂ ಮೊದಲು ಹೋಗಿ ಬೀಳುವುದು Recently deleted ಅನ್ನುವ ಫೋಲ್ಡರ್‌ಗೆ. ಅದಿರುವುದು ಮೂರು ಗೆರೆಯ ಮೆನುವಿನ ಒಳಗೆ, Your activity ಅನ್ನುವುದರ ಕೆಳಗೆ. ಒಳಗೆ ಹೋದರೆ ಪೋಸ್ಟ್, ರೀಲ್, ಸ್ಟೋರಿಗೆ ಬೇರೆಬೇರೆ ಚಿಹ್ನೆಗಳು ಇರುತ್ತವೆ. ಪೋಸ್ಟ್‌ನ ಜಾಗದಲ್ಲಿ ಸ್ಟೋರಿ ಹುಡುಕಿ “ಇಲ್ಲವಲ್ಲಾ” ಅನ್ನುವವರು ಬಹಳ. ಮೇಲಿನ ಚಿಹ್ನೆಗಳನ್ನು ಒಂದೊಂದಾಗಿ ಒತ್ತಿ ನೋಡಬೇಕು. ಈ ಫೋಲ್ಡರ್ ನಿಮಗೆ ಬಿಟ್ಟು ಬೇರೆ ಯಾರಿಗೂ ಕಾಣುವುದಿಲ್ಲ.

ಅಲ್ಲಿ ಯಾವುದು ಎಷ್ಟು ದಿನ ಇರುತ್ತದೆ? ಸಾಮಾನ್ಯವಾಗಿ 30 ದಿನ. ಆದರೆ ಆರ್ಕೈವ್ ಸೇರದ ಸ್ಟೋರಿಗೆ ಸಿಗುವುದು ಹೆಚ್ಚೆಂದರೆ 24 ಗಂಟೆ. ಈ ಒಂದು ಅಪವಾದ ನೆನಪಿಟ್ಟುಕೊಳ್ಳಬೇಕಾದದ್ದು, ಯಾಕೆಂದರೆ ಜನ ಮೋಸ ಹೋಗುವುದು ಇಲ್ಲೇ. ನಿಮ್ಮ ಸೆಟಿಂಗ್ಸ್‌ನಲ್ಲಿ Save story to archive ಆಫ್ ಇದೆ ಅಂದುಕೊಳ್ಳಿ. ಬೆಳಿಗ್ಗೆ ಸಿದ್ಧಗಂಗೆ ಜಾತ್ರೆಯ ಸ್ಟೋರಿ ಹಾಕಿ, ಸಂಜೆ ಕೈ ತಪ್ಪಿ ಅಳಿಸಿದಿರಿ. ಹೇಗೂ ಒಂದು ತಿಂಗಳು ಇರುತ್ತಲ್ಲ ಅಂತ ಸುಮ್ಮನಿದ್ದು ಭಾನುವಾರ ಹುಡುಕಿದರೆ ಸಿಗುವುದಿಲ್ಲ. ಅಳಿಸದೇ ಬಿಟ್ಟಿದ್ದರೂ, ಆರ್ಕೈವ್ ಆಫ್ ಇದ್ದಾಗ, 24 ಗಂಟೆ ಮುಗಿದ ಸ್ಟೋರಿ Recently deleted ಫೋಲ್ಡರ್‌ಗೆ ಬರುವುದಿಲ್ಲ. ಅದನ್ನು ನೀವು ಅಳಿಸಿಲ್ಲ, ಅದರ ಸಮಯ ಮುಗಿದಿದೆ, ಅಷ್ಟೇ. ಹೈಲೈಟ್‌ಗೆ ಸೇರಿಸಿದ್ದರೆ ಮಾತ್ರ ಉಳಿದಿರುತ್ತದೆ.

ಅಂದಾಜು ಹಾಕುವುದಕ್ಕಿಂತ ಫೋಲ್ಡರ್ ತೆರೆದು ನೋಡುವುದು ಒಳ್ಳೇದು. ಪ್ರತಿ ಚಿತ್ರದ ಮೇಲೂ ಇನ್ನೆಷ್ಟು ಸಮಯ ಉಳಿದಿದೆ ಅಂತ ಬರೆದಿರುತ್ತದೆ. ಜೂನ್ 10ಕ್ಕೆ ಅಳಿಸಿದ್ದನ್ನು ಜೂನ್ 30ಕ್ಕೆ ನೋಡಿದರೆ ಇನ್ನು ಹತ್ತು ದಿನ ಅಂತ ತೋರಿಸುತ್ತದೆ. ಬೇಕು ಅನ್ನಿಸಿದರೆ ಚಿತ್ರ ತೆರೆದು, ಮೂರು ಚುಕ್ಕಿ ಒತ್ತಿ, Restore ಅನ್ನಿ. ಎಲ್ಲಿಂದ ಅಳಿಸಿದ್ದೀರೋ ಅಲ್ಲಿಗೇ ಹೋಗುತ್ತದೆ. ಪ್ರೊಫೈಲ್‌ನಲ್ಲಿದ್ದ ಪೋಸ್ಟ್ ಪ್ರೊಫೈಲ್‌ಗೆ, ಆರ್ಕೈವ್‌ನಲ್ಲಿದ್ದದ್ದು ಆರ್ಕೈವ್‌ಗೆ. ವಾಪಸ್ ತಂದೆ, ಆದರೂ ಪ್ರೊಫೈಲ್‌ನಲ್ಲಿ ಕಾಣುತ್ತಿಲ್ಲ ಅಂತ ಗಾಬರಿ ಆಗುವವರು ಮೊದಲು ಆರ್ಕೈವ್ ತೆರೆದು ನೋಡಬೇಕು.

ಈ ಫೋಲ್ಡರ್‌ನಲ್ಲಿ ಇರದವೂ ಇವೆ. ಹೈಲೈಟ್‌ನ ಹೆಸರು, ಕವರ್ ಇರುವುದಿಲ್ಲ ಅಂತ ಮೊದಲೇ ಹೇಳಿದೆ. ಅಳಿಸಿದ ಕಾಮೆಂಟ್, ಮೆಸೇಜ್, ಬದಲಾಯಿಸಿದ ಹಳೇ ಪ್ರೊಫೈಲ್ ಫೋಟೋ ಕೂಡ ಅಲ್ಲಿಗೆ ಬರುವುದಿಲ್ಲ. ಮೆಸೇಜ್ ವಾಪಸ್ ಬರುತ್ತದೆ ಅಂತ ಹೇಳಿ ಆಪ್ ಇಳಿಸಿಕೊಳ್ಳಲು ಹೇಳುವ, ಪಾಸ್‌ವರ್ಡ್ ಕೇಳುವ ವಿಡಿಯೋಗಳಿಗೆ ಮರುಳಾಗಬೇಡಿ.

ಇನ್ನೊಂದು ಕಡೆ ಕೆಲಸ ನಿಂತುಹೋಗುವುದು ಕೋಡ್ ಹತ್ತಿರ. 2021ರ ಫೆಬ್ರವರಿಯಲ್ಲಿ ಈ ಫೋಲ್ಡರ್ ತಂದಾಗ ಇನ್‌ಸ್ಟಾಗ್ರಾಂ ಹೇಳಿದ ಕಾರಣ, ಖಾತೆ ಕದ್ದವರು ಎಲ್ಲ ಫೋಟೋ ಅಳಿಸಿಹಾಕುತ್ತಾರೆ, ಅದನ್ನು ತಡೆಯಬೇಕು ಅಂತ. ಅದಕ್ಕೇ ಅಲ್ಲಿಂದ ವಾಪಸ್ ತರುವಾಗ ಅಥವಾ ಪೂರ್ತಿ ಅಳಿಸುವಾಗ, ಖಾತೆ ನಿಮ್ಮದೇ ಅಂತ ತೋರಿಸಲು ಫೋನ್‌ಗೋ ಇಮೇಲ್‌ಗೋ ಬರುವ ಕೋಡ್ ಕೇಳಬಹುದು. ಆ ನಂಬರ್ ಎರಡು ಸಿಮ್ ಹಿಂದಿನದಾಗಿದ್ದರೆ? ಇಮೇಲ್ ತಮ್ಮ ಕಾಲೇಜಿಗೆ ಹೋಗುವಾಗ ಮಾಡಿಕೊಟ್ಟದ್ದಾಗಿದ್ದು, ಪಾಸ್‌ವರ್ಡ್ ಅವನಿಗೂ ಮರೆತಿದ್ದರೆ? ಫೋಟೋ ಎದುರಿಗೇ ಕಾಣುತ್ತಿರುತ್ತದೆ, ದಿನಗಳು ಕಡಿಮೆ ಆಗುತ್ತಿರುತ್ತವೆ, ಕೈಗೆ ಮಾತ್ರ ಸಿಗುವುದಿಲ್ಲ. ಏನನ್ನಾದರೂ ಅಳಿಸಲು ಕೂರುವ ಮೊದಲೇ ಖಾತೆಯಲ್ಲಿರುವ ನಂಬರ್, ಇಮೇಲ್ ಈಗಿನವೇ ಅಂತ ನೋಡಿಕೊಳ್ಳಿ. ಅಕ್ಕನ ಖಾತೆಯಲ್ಲಿ ಇದ್ದದ್ದು ಅವರ ಯಜಮಾನರ ನಂಬರ್. ಅವರು ಲೋಡ್ ತಗೊಂಡು ತಿಪಟೂರಿಗೆ ಹೋಗಿದ್ದರು. ಫೋನ್‌ನಲ್ಲೇ ಕೋಡ್ ಓದಿ ಹೇಳಿದರು, ಸದ್ಯ.

ಮತ್ತೆ ಗುಬ್ಬಿ ಹುಡುಗಿಯ ಫೋಟೋಗೆ ಬರೋಣ. ಸ್ಟೋರಿಯನ್ನು ಆರ್ಕೈವ್‌ನಿಂದ ಅಳಿಸಿದ್ದಾಯಿತು. ಪೋಸ್ಟ್‌ನಿಂದ ಆ ಒಂದು ಫೋಟೋ ತೆಗೆದದ್ದಾಯಿತು. ಈಗ ಎರಡೂ Recently deleted ಫೋಲ್ಡರ್‌ನಲ್ಲಿವೆ. ಹಾಗೇ ಬಿಟ್ಟರೆ 30 ದಿನದಲ್ಲಿ ತಾವೇ ಹೋಗುತ್ತವೆ. ಇವತ್ತೇ ಹೋಗಬೇಕು ಅಂದರೆ ಫೋಲ್ಡರ್‌ನಲ್ಲೇ ಒಂದೊಂದನ್ನು ತೆರೆದು ಇನ್ನೊಮ್ಮೆ Delete ಅನ್ನಬೇಕು. ಈ ಸಲದ್ದು ಕೊನೇ ಸಲ. ಇದಾದ ಮೇಲೆ ನಿಮಗೂ ಸಿಗುವುದಿಲ್ಲ. ಕಂಪನಿಯ ಸರ್ವರ್‌ಗಳಿಂದ ಪೂರ್ತಿ ಅಳಿಯಲು 90 ದಿನದವರೆಗೂ ಹಿಡಿಯಬಹುದು ಅಂತ ಅವರೇ ಹೇಳುತ್ತಾರೆ. ಆದರೆ ಆ ಹೊತ್ತಿನಲ್ಲಿ ಅದು ಯಾರ ಪರದೆಯ ಮೇಲೂ ಬರುವುದಿಲ್ಲ.

ಆ ಕೊನೇ Delete ಒತ್ತುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಿ: ಇದರಲ್ಲಿ ನನಗೆ ಬೇಕಾದದ್ದು ಏನಾದರೂ ಇದೆಯಾ? ಅಕ್ಕನಿಗೆ ಆ ಬ್ಲೌಸಿನ ಬೆನ್ನಿನ ಡಿಸೈನ್ ಬೇಕಿತ್ತು. ಹುಡುಗಿಯನ್ನು ಕೇಳಿ, ಅವಳು ಹೂಂ ಅಂದ ಮೇಲೆ, ಬೆನ್ನಿನ ಭಾಗ ಮಾತ್ರ ಕತ್ತರಿಸಿಟ್ಟುಕೊಂಡರು. ಜಾಸ್ತಿ ಅಳಿಸುವುದಿದ್ದರೆ ಒಂದೊಂದನ್ನೇ ಇಳಿಸಿಕೊಳ್ಳುವ ಗೋಜು ಬೇಡ. ಅಕೌಂಟ್ಸ್ ಸೆಂಟರ್‌ನಲ್ಲಿ ನಿಮ್ಮ ಖಾತೆಯ ಮಾಹಿತಿ ಪೂರ್ತಿ ಇಳಿಸಿಕೊಳ್ಳುವ ಆಯ್ಕೆ ಇದೆ. ಅರ್ಜಿ ಹಾಕಿದಂತೆ ಕೇಳಿಟ್ಟರೆ, ಸಿದ್ಧವಾದಾಗ ತಿಳಿಸುತ್ತಾರೆ. ಅದು ನಿಮ್ಮ ಕೈಗೆ ಬಂದು, ತೆರೆದು ನೋಡಿದ ಮೇಲೆ ಅಳಿಸಲು ಶುರು ಮಾಡಿ.

ಇಷ್ಟೆಲ್ಲ ಮಾಡಿದರೂ ಇನ್‌ಸ್ಟಾಗ್ರಾಂ ಕೈಗೆ ಸಿಗದ ಪ್ರತಿಗಳು ಇರುತ್ತವೆ. ಅಕ್ಕ ಹಾಕಿದ್ದ ಪೋಸ್ಟ್ ತಾನಾಗಿಯೇ ಫೇಸ್‌ಬುಕ್ ಪುಟಕ್ಕೂ ಹೋಗುತ್ತಿತ್ತು. ಇನ್‌ಸ್ಟಾಗ್ರಾಂನಲ್ಲಿ ಅಳಿಸಿದ ಮಾತ್ರಕ್ಕೆ ಅಲ್ಲಿಂದಲೂ ಹೋಯಿತು ಅಂದುಕೊಳ್ಳುವ ಹಾಗಿಲ್ಲ. ಅಲ್ಲಿಗೇ ಹೋಗಿ ನೋಡಿ ಬೇರೆಯಾಗಿ ಅಳಿಸಬೇಕು. ಸ್ಟೋರಿ ಹಾಕಿದಾಗೆಲ್ಲ ಗ್ಯಾಲರಿಗೂ ಸೇವ್ ಆಗುವ ಸೆಟಿಂಗ್ ಆನ್ ಇದ್ದರೆ ಫೋನ್‌ನಲ್ಲಿ ಒಂದು ಪ್ರತಿ, ಅದು ಗೂಗಲ್ ಫೋಟೋಸ್‌ಗೆ ಬ್ಯಾಕಪ್ ಆಗುತ್ತಿದ್ದರೆ ಅಲ್ಲೊಂದು ಪ್ರತಿ. ಗೂಗಲ್ ಫೋಟೋಸ್‌ನ ಕಸದ ಬುಟ್ಟಿಗೂ ತನ್ನದೇ ಲೆಕ್ಕ ಇದೆ, ಬ್ಯಾಕಪ್ ಆದ ಫೋಟೋ ಅಲ್ಲಿ 60 ದಿನ ಇರುತ್ತದೆ. ಹುಡುಗಿ ಮೊದಲು ಫೋಟೋ ಕಳಿಸಿದ್ದು ವಾಟ್ಸಾಪ್‌ನಲ್ಲಿ, ಆ ಚಾಟ್‌ನಲ್ಲೂ ಒಂದಿದೆ. ಯಾರೋ ತೆಗೆದಿಟ್ಟುಕೊಂಡ ಸ್ಕ್ರೀನ್‌ಶಾಟ್‌ಗಂತೂ ಯಾವ ಬಟನ್ನೂ ಇಲ್ಲ.

ಕೊನೆಗೆ ಪರೀಕ್ಷೆ ಮಾಡುವುದು ಹೇಗೆ? ನಿಮ್ಮ ಖಾತೆಯಿಂದಲೇ ನೋಡಿದರೆ ಆರ್ಕೈವ್ ಮಾಡಿದ್ದೂ ಕಾಣುತ್ತದೆ, ಗೊಂದಲ ಆಗುತ್ತದೆ. ಅಕ್ಕ ಮಗಳ ಫೋನ್ ತೆಗೆದುಕೊಂಡು ಅವಳ ಖಾತೆಯಿಂದ ನೋಡಿದರು. ಪೋಸ್ಟ್‌ನಲ್ಲಿ ನಾಲ್ಕೇ ಫೋಟೋ. ಹುಡುಗಿಗೆ ಹಿಂದೆ ಕಳಿಸಿದ್ದ ಸ್ಟೋರಿಯ ಲಿಂಕ್ ತೆರೆಯಲಿಲ್ಲ. ಫೇಸ್‌ಬುಕ್ ಪುಟ ಇನ್ನೊಮ್ಮೆ ನೋಡಿದರು. ಆಮೇಲೆ ಗುಬ್ಬಿಗೆ ಫೋನ್ ಹಚ್ಚಿದರು.